350 ಮನೆ ಕರೆದ್ರೆ ಎಷ್ಟು ಎಲೆ ಹೇಳ್ಬೇಕು? ಮದುವೆ ಊಟದ ಲೆಕ್ಕ, ಅಡ್ವಾನ್ಸ್ ಲೆಕ್ಕ

ಪ್ರಶ್ನೆ: ನಮ್ದು ತೀರ್ಥಹಳ್ಳಿ ಹತ್ರ ಹಳ್ಳಿ. ಮೇ ತಿಂಗಳಲ್ಲಿ ಒಂದು ಭಾನುವಾರ ತಂಗಿ ಮದುವೆ, ಶಿವಮೊಗ್ಗದ ಛತ್ರದಲ್ಲಿ. 350 ಮನೆ ಕರೀಬೇಕು. ಅಪ್ಪ 1200 ಜನ ಆಗತ್ತೆ ಅಂತಾರೆ, ಅಮ್ಮ 800 ಅಂತಾರೆ. ಕೇಟರಿಂಗ್‌ನವ್ರು ಮಧ್ಯಾಹ್ನದ ಎಲೆಗೆ 260, ತಿಂಡಿಗೆ 90, ಹಿಂದಿನ ರಾತ್ರಿ ಊಟಕ್ಕೆ 180 ಹೇಳಿದಾರೆ, 1000 ಎಲೆ ಗ್ಯಾರಂಟಿ ಬೇಕಂತೆ. ಬಂಗಾರ, ಸೀರೆ ಬಿಟ್ಟು ನಮ್ಮ ಕೈಲಿರೋದು 9 ಲಕ್ಷ. ಎಲ್ರೂ ಅಡ್ವಾನ್ಸ್ ಕೇಳ್ತಿದಾರೆ. ಗ್ಯಾರಂಟಿ ಎಷ್ಟು ಹೇಳ್ಲಿ, ದುಡ್ಡು ಯಾವಾಗ ಯಾರಿಗೆ ಎಷ್ಟು ಕೊಡ್ಲಿ?

ಉತ್ತರ:

1000ಕ್ಕೆ ಇವತ್ತೇ ಹೂಂ ಅನ್ಬೇಡಿ ಮಾರಾಯ್ರೆ, ಒಂದು ವಾರ ಟೈಮ್ ತಗೊಳ್ಳಿ. ಅಪ್ಪನ 1200ನೂ ಅಮ್ಮನ 800ನೂ ಎರಡೂ ಅಂದಾಜು, ಎರಡರ ಮಧ್ಯ 1000 ಅಂತ ಇಟ್ಕೊಂಡ್ರೆ ಅದೂ ಅಂದಾಜೇ, ಆದ್ರೆ ಅದಕ್ಕೆ ನೀವು ದುಡ್ಡು ಕಟ್ಟಬೇಕಾಗತ್ತೆ. ನಾನು ಶಿವಮೊಗ್ಗದಲ್ಲಿ ಛತ್ರದ ಉಸ್ತುವಾರಿ ನೋಡ್ಕೊಂಡಿದ್ದವನು, ಆಮೇಲೆ ನೆಂಟರಿಷ್ಟರ ಮದುವೆಗಳ ಲೆಕ್ಕ ಬರೆಯೋ ಕೆಲಸ ನನ್ನ ತಲೆಗೇ ಬಂತು. ದುಡ್ಡು ಜಾಸ್ತಿ ಪೋಲಾಗೋದು ಡೆಕೋರೇಷನ್ನಲ್ಲಿ ಅಂತ ಜನ ಅಂದ್ಕೊಂಡಿರ್ತಾರೆ, ನಾನು ನೋಡಿದ ಹಾಗೆ ಅದು ಪೋಲಾಗೋದು ಯಾರೂ ಕೂರದ ಎಲೆಗೆ.

ಮೊದಲು ಮನೆ ಪಟ್ಟಿ. ಹೆಸರುಗಳ ಪಟ್ಟಿ ಅಲ್ಲ, ಮನೆ ಪಟ್ಟಿ. ನೀವು ಕಾರ್ಡ್ ಕೊಡೋದು ಮನೆಗೆ, ಊಟಕ್ಕೆ ಬರೋದು ತಲೆ, ಈ ಎರಡರ ಮಧ್ಯದ ಸಂಬಂಧ ಎಲ್ಲಾ ಮನೆಗೂ ಒಂದೇ ಥರ ಇರಲ್ಲ. ದೊಡ್ಡಪ್ಪನ ಮನೆ ಅಂದ್ರೆ ಐದು ಜನ ಹಿಂದಿನ ದಿನಾನೇ ಬಂದು ಮೂರು ಹೊತ್ತೂ ಊಟ ಮಾಡ್ತಾರೆ, ಅಪ್ಪನ ಮಂಡಿ ಪರಿಚಯದವ್ರು ಅಂದ್ರೆ ಒಬ್ರು ಹನ್ನೆರಡೂವರೆಗೆ ಬಂದು ಅಕ್ಷತೆ ಹಾಕಿ ಊಟ ಮಾಡಿ ಹೋಗ್ತಾರೆ. ಇವೆರಡನ್ನೂ "ಒಂದು ಮನೆ, ಮೂರು ಜನ" ಅಂತ ಸರಾಸರಿ ಹಾಕಿದ್ರೆ ಒಟ್ಟು ಲೆಕ್ಕನೂ ತಪ್ಪತ್ತೆ, ಯಾವ ಹೊತ್ತಿನ ಊಟಕ್ಕೆ ಎಷ್ಟು ಅನ್ನೋದಂತೂ ಪೂರಾ ತಪ್ಪತ್ತೆ.

ಪಟ್ಟಿ ಶುರು ಮಾಡೋಕೆ ಒಳ್ಳೆ ದಾರಿ ಅಂದ್ರೆ ಮನೇಲಿರೋ ಹಳೇ ಮುಯ್ಯಿ ಪುಸ್ತಕ. ನಿಮ್ಮನೇಲಿ ಅಥವಾ ಚಿಕ್ಕಪ್ಪನ ಮನೇಲಿ ಹಿಂದೆ ಆದ ಮದುವೆದು ಇದ್ದೇ ಇರತ್ತೆ, ಕೇಳಿ ತಗೊಳ್ಳಿ. ಅದ್ರಲ್ಲಿ ಯಾವ ಊರಿಂದ ಯಾವ ಮನೆಯವ್ರು ನಿಜವಾಗ್ಲೂ ಬಂದಿದ್ರು ಅಂತ ಸಿಗತ್ತೆ. ಒಂದು ಎಚ್ಚರ ಏನಂದ್ರೆ ಮುಯ್ಯಿ ಬರ್ದಿದೆ ಅಂದ ತಕ್ಷಣ ಆ ಮನೆಯವ್ರು ಬಂದಿದ್ರು ಅಂತಲ್ಲ, ಎಷ್ಟೋ ಜನ ಪಕ್ಕದ ಮನೆಯವ್ರ ಕೈಲಿ ಕವರ್ ಕೊಟ್ಟು ಕಳಿಸಿರ್ತಾರೆ. ಅಮ್ಮನ್ನ ಕೂರಿಸ್ಕೊಂಡು ಓದಿ, ಅವ್ರಿಗೆ ಯಾರು ಬಂದಿದ್ರು ಯಾರು ಬಂದಿರ್ಲಿಲ್ಲ ಅನ್ನೋದು ನೆನಪಿರತ್ತೆ. ಮತ್ತೆ ಮುಯ್ಯಿ ದುಡ್ಡು ಬರತ್ತೆ ಅಂತ ಅದನ್ನ ಬಜೆಟ್ಟಿಗೆ ಸೇರಿಸ್ಬೇಡಿ, ಅದು ಮುಂದೆ ನೀವು ತಿರುಗಿ ಕೊಡ್ಬೇಕಾದ ದುಡ್ಡು, ಮೇಲಾಗಿ ಅದು ಕೈಗೆ ಬರೋ ಹೊತ್ತಿಗೆ ಅರ್ಧ ಬಿಲ್ ಕಟ್ಟಿ ಆಗಿರತ್ತೆ.

ಮೊಬೈಲಲ್ಲಿ ಒಂದು ಶೀಟ್ ಮಾಡ್ಕೊಳ್ಳಿ, ಒಂದು ಸಾಲಿಗೆ ಒಂದು ಮನೆ. A ಕಾಲಂನಲ್ಲಿ ಮನೆ ಯಜಮಾನರ ಹೆಸರು, B ಊರು, C ಗುಂಪು, D ಮನೇಲಿರೋ ಜನ, E ಹಿಂದಿನ ರಾತ್ರಿಗೆ ಎಷ್ಟು ತಲೆ, F ತಿಂಡಿಗೆ ಎಷ್ಟು, G ಮಧ್ಯಾಹ್ನಕ್ಕೆ ಎಷ್ಟು, H ನಮ್ಮ ಬಸ್ಸಲ್ಲಿ ಎಷ್ಟು ಸೀಟು, I ಕಾರ್ಡ್ ಕೊಟ್ಟ ತಾರೀಕು. D ಕಾಲಂ ಬರೀ ಗೊತ್ತಿರ್ಲಿ ಅಂತ, ಅದನ್ನ ಯಾವತ್ತೂ ಕೂಡಿಸ್ಬೇಡಿ. ಅಪ್ಪನ 1200 ಬಂದಿದ್ದು ಬಹುಶಃ ಅಲ್ಲಿಂದಾನೇ, ಮನೇಲಿರೋ ಎಲ್ಲಾ ತಲೆ ಎಣಿಸಿದಾರೆ. ಕೂಡಿಸ್ಬೇಕಾದ್ದು ಇಷ್ಟೇ:

```
=SUM(G2:G400)
=SUMIF(C2:C400,"ಊರು",G2:G400)
=SUM(H2:H400)
=COUNTIFS(A2:A400,"<>",I2:I400,"")
```

ಮೊದಲನೇದು ಮಧ್ಯಾಹ್ನದ ಒಟ್ಟು, ಎರಡನೇದು ಒಂದು ಗುಂಪಿನದ್ದು, ಮೂರನೇದು ಬಸ್ ಸೀಟು, ಕೊನೇದು ಇನ್ನೂ ಎಷ್ಟು ಮನೆ ಕರೆಯೋದು ಬಾಕಿ ಇದೆ ಅಂತ. ಶೀಟ್ ಬೇಡ ಅಂದ್ರೆ ಉದ್ದ ನೋಟ್‌ಬುಕ್ಕಲ್ಲೂ ಇದೇ ಗೆರೆ ಎಳ್ಕೊಂಡು ಬರೀಬಹುದು, ನಮ್ಮ ಹಿರಿಯರು ಹಂಗೇ ಬರೀತಿದ್ರು. ಆದ್ರೆ ಕರೆಯೋಕೆ ಹೋಗೋರು ನಿಮ್ಮಲ್ಲಿ ಎರಡು ಮೂರು ಜೋಡಿ ಇದ್ರೆ ಎಲ್ರೂ ಒಂದೇ ಶೀಟಲ್ಲಿ ತುಂಬೋದು ಒಳ್ಳೇದು, ಇಲ್ಲಾಂದ್ರೆ ಒಂದೇ ಮನೇನ ಅಪ್ಪ ಒಂದು ಸಲ ಮಾವ ಒಂದು ಸಲ ಬರ್ದಿರ್ತಾರೆ.

ಈಗ ಮುಖ್ಯ ವಿಷಯ, G ಕಾಲಂನ ಅಂಕೆ ಎಲ್ಲಿಂದ ತರೋದು? ನಮ್ಮ ಕಡೆ "ನಿಮ್ಮನೆಯಿಂದ ಎಷ್ಟು ಜನ ಬರ್ತೀರಿ" ಅಂತ ಬಾಯಿಬಿಟ್ಟು ಕೇಳೋ ಹಾಗಿಲ್ಲ, ಊಟ ಲೆಕ್ಕ ಹಾಕ್ತಿದಾರೆ ಅಂತ ಬೇಜಾರಾಗ್ತಾರೆ. ಆದ್ರೆ ಗಾಡಿ ವಿಷಯ ಕೇಳಿದ್ರೆ ಯಾರೂ ಬೇಜಾರಾಗಲ್ಲ, ಖುಷೀನೇ ಆಗ್ತಾರೆ. "ಬೆಳಗ್ಗೆ ಏಳೂವರೆಗೆ ನಮ್ಮೂರಿಂದ ಬಸ್ಸು ಬಿಡತ್ತೆ, ನಿಮಗೆಷ್ಟು ಸೀಟು ಇಡ್ಲಿ ಅಕ್ಕ?" ಅಂತ ಕೇಳಿ. "ಎರಡು ಇಡು ಸಾಕು, ಹುಡುಗ್ರಿಗೆ ಬರೋಕಾಗಲ್ಲ" ಅಂತಾರೆ, ಅಲ್ಲಿಗೆ ನಿಮಗೆ ಮಧ್ಯಾಹ್ನದ ಅಂಕೆನೂ ಸಿಕ್ತು ತಿಂಡಿ ಅಂಕೆನೂ ಸಿಕ್ತು. ದೂರದ ನೆಂಟರಿಗೆ "ಹಿಂದಿನ ದಿನಾನೇ ಬಂದ್ಬಿಡಿ, ರೂಮು ನೋಡ್ತೀನಿ" ಅನ್ನಿ, ಅವ್ರು ಕೊಡೋ ಉತ್ತರದಲ್ಲಿ ರಾತ್ರಿ ಊಟದ ಲೆಕ್ಕ ಇರತ್ತೆ. ಇನ್ನೊಂದು ಕೇಳ್ಬೇಕಾದ್ದು ಅವತ್ತು ಅವ್ರಿಗೆ ಬೇರೆ ಮದುವೆ ಇದೆಯಾ ಅಂತ. ಮೇ ತಿಂಗಳು ಭಾನುವಾರ, ಒಳ್ಳೆ ಮುಹೂರ್ತ, ಒಂದೇ ಮನೆಗೆ ಮೂರು ಕಾರ್ಡ್ ಬಂದಿರತ್ತೆ, ಗಂಡ ಒಂದು ಕಡೆ ಹೆಂಡ್ತಿ ಒಂದು ಕಡೆ ಮಗ ಇನ್ನೊಂದು ಕಡೆ ಹೋಗಿ ಮುಖ ತೋರಿಸಿ ಬರ್ತಾರೆ. ಅಂಥ ಮನೆಗೆ 1 ಅಂತ ಬರೀರಿ. ಕಾರ್ಡ್ ಕೊಟ್ಟು ಅವ್ರ ಮನೆ ಅಂಗಳ ದಾಟಿದ ಕೂಡ್ಲೇ ಬರೀಬೇಕು, ಸಂಜೆ ಮನೆಗೆ ಬಂದು ಬರೀತೀನಿ ಅಂದ್ರೆ ಇಪ್ಪತ್ತು ಮನೆ ಕಾಫಿ ಕುಡ್ದು ಬಂದ್ಮೇಲೆ ಯಾರು ಏನಂದ್ರು ಅನ್ನೋದೇ ಕಲಸಿ ಹೋಗಿರತ್ತೆ.

ನಿಮ್ಮ 350 ಮನೆನ ಉದಾಹರಣೆಗೆ ನಾಲ್ಕು ಗುಂಪು ಮಾಡಿ ತೋರಿಸ್ತೀನಿ, ಅಂಕೆ ನಿಮ್ಮದು ಬೇರೆ ಇರತ್ತೆ, ಲೆಕ್ಕ ಹೋಗೋ ದಾರಿ ಇದೇ.

ಹತ್ತಿರದ ನೆಂಟರು 40 ಮನೆ ಅಂದ್ಕೊಳ್ಳಿ. ಇವ್ರು ಮನೆಮಂದಿ ಎಲ್ಲಾ ಬರೋರು, ಮಧ್ಯಾಹ್ನ 180 ತಲೆ, ತಿಂಡಿಗೆ 120, ಹಿಂದಿನ ರಾತ್ರಿ 110. ದೂರದ ನೆಂಟರು 90 ಮನೆ, ಮನೆಗೆ ಇಬ್ರಂತೆ 180, ತಿಂಡಿ ಹೊತ್ತಿಗೆ ಬಂದು ಮುಟ್ಟೋರು 40, ರಾತ್ರಿಗೆ 15. ಸ್ನೇಹಿತರು, ಆಫೀಸು, ಮಂಡಿ, ಸೊಸೈಟಿ ಪರಿಚಯ ಅಂತ 120 ಕಾರ್ಡು, ಒಂದು ಕಾರ್ಡಿಗೆ ಒಬ್ರು, ಕೆಲವ್ರು ಬರಲ್ಲ, ಹಾಗಾಗಿ 110, ತಿಂಡಿಗೆ ಹತ್ತು ಜನ ಬಂದ್ರೆ ಹೆಚ್ಚು.

ಉಳಿದ 100 ಮನೆ ಊರು ಮತ್ತೆ ಅಕ್ಕಪಕ್ಕದ ಹಳ್ಳಿಯವ್ರು. ಈ ಗುಂಪಿನ ಬಗ್ಗೆ ಸ್ವಲ್ಪ ಯೋಚ್ನೆ ಮಾಡಿ. ಮದುವೆ ಊರಲ್ಲೇ ಮನೆ ಅಂಗಳದಲ್ಲಿ ಚಪ್ಪರ ಹಾಕಿ ಆಗಿದ್ರೆ ಈ 100 ಮನೆಯಿಂದ 350 ಜನ ಬಂದ್ಬಿಡ್ತಿದ್ರು. ಶಿವಮೊಗ್ಗ ಅಂದ್ರೆ ತೀರ್ಥಹಳ್ಳಿಯಿಂದ 60 ಕಿಲೋಮೀಟರ್, ಮಂಡಗದ್ದೆ ಗಾಜನೂರು ದಾಟ್ಕೊಂಡು ಹೋಗ್ಬೇಕು, ನಿಮ್ಮ ಹಳ್ಳಿಯಿಂದ ಮುಖ್ಯ ರಸ್ತೆಗೆ ಬರೋದು ಬೇರೆ. ಹಾಗಾಗಿ ಈ ಗುಂಪಲ್ಲಿ ಎಷ್ಟು ಜನ ಬರ್ತಾರೆ ಅನ್ನೋದನ್ನ ನಿರ್ಧಾರ ಮಾಡೋದು ನೀವು ಮಾಡೋ ಬಸ್ಸು. ಎರಡು ಬಸ್ಸು ಮಾಡಿದ್ರೆ 100 ಸೀಟು, ಅವು ತುಂಬತ್ತೆ, ಸ್ವಂತ ಬೈಕು ಕಾರಲ್ಲಿ ಬರೋರು ಇನ್ನೊಂದು 50, ಒಟ್ಟು 150. ಬಸ್ಸೇ ಮಾಡ್ಲಿಲ್ಲ ಅಂದ್ರೆ 70 ಬಂದ್ರೆ ದೊಡ್ಡದು, ಮೂರನೇ ಬಸ್ಸು ಮಾಡಿದ್ರೆ 200 ಆಗತ್ತೆ. ಅಂದ್ರೆ ಬಸ್ಸಿನ ಖರ್ಚು ಬರೀ ಬಸ್ಸಿನ ಬಾಡಿಗೆ ಅಲ್ಲ, ಒಂದು ಬಸ್ಸಿನ ಹಿಂದೆ 50 ಎಲೆ ಊಟ 50 ತಿಂಡಿ ಇದೆ, ನಿಮ್ಮ ರೇಟಿಗೆ 17,500 ರೂಪಾಯಿ. ಊರವ್ರನ್ನ ಬಿಟ್ಟು ಮದುವೆ ಮಾಡಿ ಅಂತ ನಾನು ಹೇಳಲ್ಲ, ಖಂಡಿತ ಬಸ್ಸು ಮಾಡಿ, ಆದ್ರೆ ಬಸ್ಸು ಎಷ್ಟು ಅಂತ ಮೊದ್ಲು ನಿರ್ಧಾರ ಮಾಡಿ ಆಮೇಲೆ ಎಲೆ ಹೇಳಿ. ಇನ್ನೊಂದು, ಬಸ್ಸು ಏಳೂವರೆಗೆ ಬಿಟ್ರೆ ಒಂಬತ್ತೂವರೆಗೆ ಛತ್ರ ಮುಟ್ಟತ್ತೆ, ಎಲ್ರೂ ತಿಂಡಿಗೆ ಕೂರ್ತಾರೆ, ಹಾಗಾಗಿ ಈ ಗುಂಪಿಗೆ ತಿಂಡಿ 120 ಹಿಡೀರಿ. ಬಸ್ಸು ಒಂಬತ್ತಕ್ಕೆ ಬಿಟ್ರೆ ತಿಂಡಿ ತಪ್ಪತ್ತೆ ನಿಜ, ಆದ್ರೆ ಹಸ್ಕೊಂಡು ಬಂದ ಊರವ್ರು ಧಾರೆ ಮುಗಿಯೋವರೆಗೂ ಕೂತಿರ್ಬೇಕು, ಆ ಉಳಿತಾಯ ನನಗೆ ಸರಿ ಕಾಣಲ್ಲ.

ಗಂಡಿನ ಕಡೆ ದಿಬ್ಬಣದ ಲೆಕ್ಕನೂ ಹಿಂಗೇ. "ನಮ್ಮ ಕಡೆ ಒಂದು 300 ಜನ ಆಗ್ಬಹುದು" ಅಂತ ಬೀಗರು ಹೇಳಿರ್ತಾರೆ, ಅದು ಮರ್ಯಾದೆ ಮಾತು. ನಿಮ್ಮಪ್ಪನ ಕೈಲಿ ಫೋನ್ ಮಾಡಿಸಿ "ಬಸ್ಸು ಎಷ್ಟು ಮಾಡಿದೀರಿ, ಪಾರ್ಕಿಂಗ್ ಜಾಗ ಹೇಳ್ಬೇಕಿತ್ತು ಛತ್ರದವ್ರಿಗೆ" ಅಂತ ಕೇಳಿಸಿ. ಮೂರು ಬಸ್ಸು, ಹದಿನೈದು ಕಾರು ಅಂದ್ರು ಅಂತಿಟ್ಕೊಳ್ಳಿ, 150 ಮತ್ತೆ 60, ಒಟ್ಟು 210. ತಿಂಡಿಗೆ 200, ಹಿಂದಿನ ರಾತ್ರಿನೇ ಬಂದು ಉಳಿಯೋರು 40.

ಇನ್ನೊಂದು ಗುಂಪು ಎಲ್ರೂ ಮರೆಯೋದು: ಡ್ರೈವರ್‌ಗಳು, ವಾಲಗದವ್ರು, ಫೋಟೋದವ್ರು, ಪುರೋಹಿತರ ಜೊತೆ ಬಂದೋರು, ಹೂವಿನ ಕೆಲಸದವ್ರು, ಛತ್ರದ ಕೆಲಸದವ್ರು. ಇವ್ರು ಮಧ್ಯಾಹ್ನ 35, ತಿಂಡಿಗೂ 35, ರಾತ್ರಿ 15. ಇವ್ರ ಊಟ ಕೊನೇ ಪಂಕ್ತೀಲಿ, ಲೆಕ್ಕದಲ್ಲಿ ಇಲ್ದೆ ಇದ್ರೆ ಹೋಳಿಗೆ ಖಾಲಿ ಆಗೋದು ಇವ್ರ ಎಲೆ ಮುಂದೇನೇ, ಬೆಳಗ್ಗೆ ನಾಲ್ಕಕ್ಕೆ ಎದ್ದು ದುಡ್ದೋರು ಅವ್ರು.

ಕೂಡಿಸಿ. ಮಧ್ಯಾಹ್ನ 865, ತಿಂಡಿ 525, ಹಿಂದಿನ ರಾತ್ರಿ 180. ನಿಮ್ಮ ರೇಟಿಗೆ ಮಧ್ಯಾಹ್ನ 2,24,900, ತಿಂಡಿ 47,250, ರಾತ್ರಿ 32,400, ಒಟ್ಟು 3,04,550 ರೂಪಾಯಿ. ನೋಡಿ, ಮೂರು ಹೊತ್ತಿಗೂ ಮೂರು ಬೇರೆ ಅಂಕೆ. ಕೇಟರಿಂಗ್‌ನವ್ರು "1000" ಅಂದಾಗ ಅದು ಬರೀ ಮಧ್ಯಾಹ್ನಕ್ಕೋ ತಿಂಡಿಗೂ ಸೇರಿಯೋ ಅಂತ ಕೇಳಿದೀರಾ? ತಿಂಡಿಗೂ 1000 ಅಂತ ಅವ್ರು ಬರ್ಕೊಂಡಿದ್ರೆ ಬರೀ ತಿಂಡೀಲೇ 42,750 ಹೆಚ್ಚು ಹೋಗತ್ತೆ.

ಈಗ ಗ್ಯಾರಂಟಿ. ಗ್ಯಾರಂಟಿ ಅಂದ್ರೆ ಜನ ಬರ್ಲಿ ಬಿಡ್ಲಿ ನೀವು ದುಡ್ಡು ಕೊಡೋ ಎಲೆ. ತಯಾರಿ ಅಂದ್ರೆ ಅವ್ರು ಅಡುಗೆ ಮಾಡೋ ಪ್ರಮಾಣ. ಜನ ಈ ಎರಡನ್ನೂ ಒಂದೇ ಅಂದ್ಕೊಂಡು, ಊಟ ಕಮ್ಮಿ ಆದ್ರೆ ಮರ್ಯಾದೆ ಹೋಗತ್ತೆ ಅನ್ನೋ ಭಯಕ್ಕೆ ಗ್ಯಾರಂಟಿನೇ ಏರಿಸಿ ಹೇಳ್ತಾರೆ. ನೀವು ಎರಡು ಬೇರೆ ಅಂಕೆ ಹೇಳಿ. ಲೆಕ್ಕಕ್ಕೆ ಬಂದ ಅಂಕೆಯಿಂದ ಹತ್ತರಲ್ಲಿ ಒಂದು ಭಾಗ ಇಳಿಸಿ ಗ್ಯಾರಂಟಿ, ಅಂದ್ರೆ 780. ತಯಾರಿ 900ಕ್ಕೆ. 780ರ ಮೇಲೆ ಕೂತ ಪ್ರತಿ ಎಲೆಗೂ ಅದೇ 260, ಹೆಚ್ಚಿನ ರೇಟ್ ಇಲ್ಲ ಅಂತ ಬರೆಸ್ಕೊಳ್ಳಿ. ಕೇಟರಿಂಗ್‌ನವ್ರಿಗೂ ಅವ್ರದ್ದೇ ಕಷ್ಟ ಇದೆ, ಬಡಿಸೋ ಹುಡುಗ್ರನ್ನ ಮುಂಚೆನೇ ಹೇಳಿರ್ಬೇಕು, ತರಕಾರಿ ಹಾಲು ವಾಪಸ್ ಕೊಡೋಕಾಗಲ್ಲ, ಹಾಗಾಗಿ ಅವ್ರು 780ಕ್ಕೆ ಒಪ್ಪದೆ 820ಕ್ಕೆ ಬರ್ಬಹುದು, ಅದು ನ್ಯಾಯನೇ. 1000 ಮಾತ್ರ ನ್ಯಾಯ ಅಲ್ಲ, 865 ಜನ ಬಂದ್ರೆ 135 ಎಲೆಗೆ, ಅಂದ್ರೆ 35,100 ರೂಪಾಯಿ ಸುಮ್ನೆ ಕೊಟ್ಟ ಹಾಗೆ. ಗ್ಯಾರಂಟಿ ಅಂಕೆನ ಈಗಲೇ ಪಕ್ಕಾ ಮಾಡ್ಬೇಡಿ, "ಮದುವೆಗೆ ಐದು ದಿನ ಮುಂಚೆ ಕೊನೇ ಅಂಕೆ ಹೇಳ್ತೀನಿ, 780ಕ್ಕಿಂತ ಇಳಿಯಲ್ಲ" ಅನ್ನಿ, ಅಷ್ಟೊತ್ತಿಗೆ I ಕಾಲಂ ತುಂಬಿರತ್ತೆ, ಅಂದಾಜು ಹೋಗಿ ನಿಜವಾದ ಅಂಕೆ ಕೂತಿರತ್ತೆ. ಆ ವಾರ ಜೋರು ಮಳೆ ಶುರುವಾಗಿದ್ರೆ ದೂರದ ನೆಂಟರ ಅಂಕೆ ಇನ್ನೊಂದ್ಸಲ ನೋಡಿ, ಮೇ ತಿಂಗಳ ಗುಡುಗು ಮಳೆ ಸಂಜೆದು, ಮಧ್ಯಾಹ್ನದ ಊಟಕ್ಕೆ ಅಷ್ಟು ತೊಂದರೆ ಮಾಡಲ್ಲ, ಆದ್ರೆ ಹಿಂದಿನ ರಾತ್ರಿ ಊಟಕ್ಕೆ ಮಾಡತ್ತೆ.

ಎಲೆ ರೇಟು ಒಪ್ಪೋಕೆ ಮುಂಚೆ ಆ 260ರಲ್ಲಿ ಏನೇನು ಸೇರಿದೆ ಅಂತ ಒಂದೊಂದಾಗಿ ಕೇಳಿ: ಬಾಳೆ ಎಲೆ, ನೀರಿನ ಬಾಟಲಿ, ಐಸ್‌ಕ್ರೀಮು, ಗ್ಯಾಸು, ಪಾತ್ರೆ ಸಾಗಿಸೋ ಗಾಡಿ ಬಾಡಿಗೆ, ಬಡಿಸೋರು, ಜಿಎಸ್‌ಟಿ. ಇವುಗಳಲ್ಲಿ ಎರಡು ಹೊರಗಿದ್ರೂ ಎಲೆಗೆ ಮೂವತ್ತು ರೂಪಾಯಿ ಏರತ್ತೆ. ಸಿಹಿ ಎಷ್ಟು ಸಲ ಬಡಿಸ್ತಾರೆ ಅಂತನೂ ಕೇಳಿ, ಮೆನು ಚೀಟೀಲಿ "ಹೋಳಿಗೆ" ಅಂತ ಇರತ್ತೆ, ಎಲೆಗೆ ಒಂದೋ ಕೇಳಿದಷ್ಟೋ ಅಂತ ಇರಲ್ಲ.

ಇನ್ನು ಎಲೆ ಎಣಿಸೋದು, ಇಲ್ಲಿ ಸ್ವಲ್ಪ ಹೊತ್ತು ನಿಲ್ತೀನಿ, ಯಾಕಂದ್ರೆ ಮೇಲಿನ ಲೆಕ್ಕ ಎಲ್ಲಾ ಸರಿ ಮಾಡಿ ಇಲ್ಲಿ ಕೈ ಬಿಟ್ಟ ಮನೆಗಳನ್ನ ಬಹಳ ನೋಡಿದೀನಿ. ನಮ್ಮ ಸಂಬಂಧಿಕರ ಮನೆ ಮದುವೇಲಿ ಸಂಜೆ ಬಿಲ್ ಬಂತು, 960 ಎಲೆ. ಅವ್ರು ದುಡ್ಡು ಎಣಿಸೋಕೆ ಶುರು ಮಾಡಿದ್ರು, ನಾನು ತಡೀರಿ ಅಂದೆ. ಆ ಊಟದ ಹಾಲಲ್ಲಿ ಒಂದ್ಸಲಕ್ಕೆ ಕೂರೋದು 200 ಜನ, ಪಂಕ್ತಿ ಆಗಿದ್ದು ನಾಲ್ಕು. ಎಲ್ಲಾ ಪಂಕ್ತಿ ಪೂರ್ತಿ ತುಂಬಿದ್ರೂ 800 ದಾಟೋಕೆ ಸಾಧ್ಯನೇ ಇಲ್ಲ, ಕೊನೇ ಪಂಕ್ತಿ ಅರ್ಧನೂ ತುಂಬಿರ್ಲಿಲ್ಲ. ಕೇಳಿದ್ರೆ ಅವ್ರು ತಂದ ಎಲೆ ಕಟ್ಟಿನ ಲೆಕ್ಕ ತೋರಿಸಿದ್ರು, ಹರಿದ ಎಲೆ, ಖಾಲಿ ಸೀಟಿಗೆ ಹಾಕಿಟ್ಟ ಎಲೆ, ಅವ್ರ ಹುಡುಗ್ರು ಉಂಡ ಎಲೆ ಎಲ್ಲಾ ಅದ್ರಲ್ಲಿತ್ತು. ಕೊನೆಗೆ 700ಕ್ಕೆ ಇತ್ಯರ್ಥ ಆಯ್ತು, ಆದ್ರೆ ಮದುವೆ ಮನೇಲಿ ಒಂದು ಗಂಟೆ ಜಗಳ, ಹುಡುಗಿ ತಂದೆ ಕಣ್ಣಲ್ಲಿ ನೀರು ಬಂದಿತ್ತು, ಅದು ನನಗೆ ಇವತ್ತಿಗೂ ಮರೆಯೋಕಾಗಿಲ್ಲ.

ಹಾಗಾಗಿ ಮುಂಚೆನೇ ಮಾತಾಡ್ಕೊಳ್ಳಿ: ಲೆಕ್ಕ ಅಂದ್ರೆ ಜನ ಕೂತ ಎಲೆ, ಕಟ್ಟು ಬಿಚ್ಚಿದ ಎಲೆ ಅಲ್ಲ. ನಿಮ್ಮ ಕಡೆಯಿಂದ ಒಬ್ಬ ಭಾವನೋ ಚಿಕ್ಕಪ್ಪನ ಮಗನೋ ಊಟದ ಹಾಲಲ್ಲೇ ಇರ್ಬೇಕು, ಅಪ್ಪನೂ ನೀವೂ ಬೇಡ, ನಿಮ್ಮಿಬ್ರನ್ನ ಧಾರೆ ಮಂಟಪಕ್ಕೆ ಕರೀತಾನೇ ಇರ್ತಾರೆ. ಅವ್ರು ಹಿಂದಿನ ದಿನಾನೇ ಟೇಬಲ್ ಸಾಲು ಎಷ್ಟು, ಸಾಲಿಗೆ ಎಷ್ಟು ಕುರ್ಚಿ ಅಂತ ಎಣಿಸಿ ಬರ್ಕೊಂಡಿರ್ಲಿ. ಪ್ರತಿ ಪಂಕ್ತೀಲಿ ಅನ್ನ ಸಾರು ಬಡಿಸೋ ಹೊತ್ತಿಗೆ, ಅಂದ್ರೆ ಎಲ್ರೂ ಕೂತು ಯಾರೂ ಎದ್ದಿಲ್ಲದ ಹೊತ್ತಿಗೆ, ಖಾಲಿ ಕುರ್ಚಿ ಮಾತ್ರ ಎಣಿಸಿ ಒಟ್ಟರಲ್ಲಿ ಕಳೀಲಿ, ತುಂಬಿದ್ದನ್ನ ಎಣಿಸೋದಕ್ಕಿಂತ ಅದು ಸುಲಭ. ಅಲ್ಲೇ ಕೇಟರಿಂಗ್ ಮೇಸ್ತ್ರಿಗೆ ತೋರಿಸಿ ಅವ್ರ ಪುಸ್ತಕದಲ್ಲೂ ಇವ್ರ ಪುಸ್ತಕದಲ್ಲೂ ಒಂದೇ ಅಂಕೆ ಬರ್ದು ಇಬ್ರೂ ಸಹಿ ಹಾಕ್ಲಿ. ನಿಮ್ಮ ಛತ್ರದಲ್ಲಿ 250 ಸೀಟು ಇದ್ರೆ 865ಕ್ಕೆ ಮೂರು ಪೂರ್ತಿ ಪಂಕ್ತಿ, ನಾಲ್ಕನೇದು ಅರ್ಧ. ಆ ನಾಲ್ಕನೇ ಪಂಕ್ತಿಗೆ ಜನ ಬಂದು ಕೂತ ಮೇಲೆ ಎಲೆ ಹಾಕಿ ಅಂತ ಹೇಳಿ, ಮುಂಚೆನೇ ಸಾಲು ಪೂರ್ತಿ ಎಲೆ ಹಾಸಿ ಉಪ್ಪು ಪಲ್ಯ ಬಡಿಸಿಟ್ರೆ ಅದು ಕೂತ ಎಲೆನೋ ಕೂರದ ಎಲೆನೋ ಅನ್ನೋ ತಕರಾರು ಅಲ್ಲೇ ಶುರುವಾಗೋದು.

ದುಡ್ಡು ಯಾವಾಗ ಯಾರಿಗೆ ಅನ್ನೋದು ಬೇರೆ ಶೀಟು. ಬಜೆಟ್ ಅಂದ್ರೆ ಒಟ್ಟು ಎಷ್ಟು ಖರ್ಚು ಅನ್ನೋದು, ಅದಕ್ಕಿಂತ ತಲೆನೋವು ಕೊಡೋದು ಯಾವ ದಿನ ಕೈಲಿ ಎಷ್ಟು ಇರ್ಬೇಕು ಅನ್ನೋದು. A ಹೆಸರು, B ಫೋನು, C ಮಾತಾಡಿದ ಒಟ್ಟು, D E F ಮೂರು ಕಂತು ಕೊಟ್ಟಿದ್ದು, G ಬಾಕಿ, H ಮುಂದಿನ ಕಂತಿನ ತಾರೀಕು, I ಮುಂದಿನ ಕಂತು ಎಷ್ಟು.

```
=C2-SUM(D2:F2)
=SUMIFS(I2:I20,H2:H20,"<="&TODAY()+7)
```

ಮೊದಲನೇದು ಬಾಕಿ, ಎರಡನೇದು ಇನ್ನು ಏಳು ದಿನದೊಳಗೆ ಎಷ್ಟು ಬೇಕು ಅಂತ ಹೇಳತ್ತೆ. ಒಂದು ಕಂತು ಕೊಟ್ಟ ಕೂಡ್ಲೇ H ಮತ್ತೆ I ಬದಲಾಯಿಸ್ಬೇಕು, ಇಲ್ಲಾಂದ್ರೆ ಕೊಟ್ಟಿದ್ದನ್ನೇ ಮತ್ತೆ ಎಣಿಸತ್ತೆ.

ಅಡ್ವಾನ್ಸ್ ಅಂದ್ರೆ ಎರಡು ಥರ. ಒಂದು ತಾರೀಕು ಹಿಡಿಯೋಕೆ ಕೊಡೋದು, ಅದು ಸಣ್ಣದಿರ್ಬೇಕು. ಇನ್ನೊಂದು ಸಾಮಾನು ತರೋಕೆ ಕೊಡೋದು, ಅದು ಸಾಮಾನು ತರೋ ದಿನ ಕೊಡ್ಬೇಕು, ಮೂರು ತಿಂಗಳು ಮುಂಚೆ ಅಲ್ಲ. ಕೇಟರಿಂಗ್‌ನವ್ರಿಗೆ ಈಗ 20,000 ಕೊಡಿ, ದಿನಸಿ ತರೋಕೆ ಮದುವೆಗೆ ನಾಲ್ಕು ದಿನ ಮುಂಚೆ 1,20,000, ಉಳಿದಿದ್ದು ಎಲೆ ಲೆಕ್ಕ ಸಹಿ ಆದ್ಮೇಲೆ. ಈಗಲೇ ಅರ್ಧ ಕೊಡಿ ಅಂದ್ರೆ ಒಪ್ಬೇಡಿ, ಆ ದುಡ್ಡು ಬೇರೆಯವ್ರ ಮದುವೆ ದಿನಸಿಗೆ ಹೋಗತ್ತೆ, ನಿಮ್ಮ ಮದುವೆ ವಾರಕ್ಕೆ ಮತ್ತೆ ನಿಮ್ಮನ್ನೇ ಕೇಳ್ತಾರೆ. ಛತ್ರದವ್ರಿಗೆ ಬಾಡಿಗೆ ಬೇರೆ, ಡಿಪಾಸಿಟ್ ಬೇರೆ, ಕರೆಂಟು ಜನರೇಟರ್ ಡೀಸೆಲ್ ಸ್ವಚ್ಛತೆ ಬೇರೆ, ಮೂರನ್ನೂ ರಸೀದೀಲಿ ಬೇರೆ ಬೇರೆ ಬರೆಸಿ. ಡಿಪಾಸಿಟ್ ಖರ್ಚಲ್ಲ, ವಾಪಸ್ ಬರತ್ತೆ, ಆದ್ರೆ ಆ ವಾರ ಅದು ನಿಮ್ಮ ಕೈಲಿ ಇರಲ್ಲ.

ಕೊನೇ ವಾರ ಹೆಂಗಿರತ್ತೆ ನೋಡಿ. ಮದುವೆಗೆ ಮುಂಚಿನ ಏಳು ದಿನದಲ್ಲಿ ಕೇಟರಿಂಗ್ ದಿನಸಿಗೆ 1,20,000, ಛತ್ರದ ಬಾಕಿ 60,000 ಮತ್ತೆ ಡಿಪಾಸಿಟ್ 25,000, ಡೆಕೋರೇಷನ್ ಎರಡನೇ ಕಂತು 45,000 ಅಂತಿಟ್ಕೊಳ್ಳಿ, ಎರಡೂವರೆ ಲಕ್ಷ ಆಯ್ತು. ಮದುವೆ ದಿನ ಮತ್ತೆ ಮಾರನೇ ದಿನ ಕೇಟರಿಂಗ್ ಬಾಕಿ 1,64,550, ಡೆಕೋರೇಷನ್ 30,000, ಫೋಟೋ 40,000, ಬಸ್ಸು 25,000, ವಾಲಗ ಪುರೋಹಿತರು 40,000, ಅದು ಹತ್ರ ಹತ್ರ ಮೂರು ಲಕ್ಷ. ಒಟ್ಟು 9 ಲಕ್ಷದ ಮದುವೇಲಿ ಐದೂವರೆ ಲಕ್ಷ ಒಂದೇ ವಾರದಲ್ಲಿ ಕೈಬಿಡತ್ತೆ. ನಿಮ್ಮಪ್ಪ ಅಡಿಕೆ ಇಟ್ಕೊಂಡಿದ್ರೆ, ರೇಟು ಇನ್ನೂ ಏರತ್ತೆ ಅಂತ ಕಾಯ್ತಿದ್ರೆ, ಮದುವೆಗೆ ಬೇಕಾದಷ್ಟನ್ನ ಏಪ್ರಿಲ್‌ನಲ್ಲೇ ಮ್ಯಾಮ್‌ಕೋಸಿಗೋ ಮಂಡಿಗೋ ಹಾಕಿ ದುಡ್ಡು ಅಕೌಂಟಿಗೆ ತರಿಸ್ಕೊಳ್ಳಿ. ರೇಟ್ ಕಾಯೋದು ಉಳಿದ ಮೂಟೆಗೆ ಇಟ್ಕೊಳ್ಳಲಿ.

ಭಾನುವಾರದ ಮದುವೆಗೆ ಇನ್ನೊಂದು ತೊಂದರೆ, ಬ್ಯಾಂಕ್ ಬಾಗಿಲು ಹಾಕಿರತ್ತೆ, ಯುಪಿಐನಲ್ಲಿ ಸಾಮಾನ್ಯವಾಗಿ ಒಬ್ರಿಂದ ಒಬ್ರಿಗೆ ದಿನಕ್ಕೆ 1 ಲಕ್ಷದವರೆಗೆ ಮಾತ್ರ ಹೋಗತ್ತೆ. ಕೇಟರಿಂಗ್ ಬಾಕಿ ಅದಕ್ಕಿಂತ ಜಾಸ್ತಿ. ನೆಟ್ ಬ್ಯಾಂಕಿಂಗಲ್ಲಿ ಅವ್ರ ಅಕೌಂಟನ್ನ ಮೂರ್ನಾಲ್ಕು ದಿನ ಮುಂಚೆನೇ ಸೇರಿಸಿ ಒಂದು ರೂಪಾಯಿ ಕಳಿಸಿ ನೋಡ್ಕೊಳ್ಳಿ, ನೆಫ್ಟ್ ಭಾನುವಾರನೂ ನಡೆಯತ್ತೆ. ಪೂರ್ತಿ ನಗದು ಕೊಡಿ ಅಂತ ಯಾರಾದ್ರೂ ಅಂದ್ರೆ ಆಗಲ್ಲ ಅನ್ನಿ, ಒಂದು ಕಾರ್ಯಕ್ರಮಕ್ಕೆ ಒಬ್ರಿಂದ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಳ್ಳೋಕೆ ಆದಾಯ ತೆರಿಗೆ ಕಾನೂನಲ್ಲಿ ಅವಕಾಶ ಇಲ್ಲ, ಕಂತು ಕಂತಾಗಿ ತಗೊಂಡ್ರೂ ಲೆಕ್ಕ ಒಂದೇ, ದಂಡ ಬೀಳೋದು ತಗೊಂಡವ್ರಿಗೆ.

ಎಲ್ರ ಜೊತೆ ಒಂದು ಮಾತು ಬರವಣಿಗೇಲಿ ಇರ್ಲಿ: ಸೂತಕ ಬಂದು ಮದುವೆ ಮುಂದೆ ಹೋದ್ರೆ ಕೊಟ್ಟ ಅಡ್ವಾನ್ಸು ಹೊಸ ತಾರೀಕಿಗೆ ಜಮಾ. ಈ ಮಾತನ್ನ ಶುಭಕಾರ್ಯದ ಹೊತ್ತಲ್ಲಿ ಆಡೋಕೆ ಅಮ್ಮ ಒಪ್ಪಲ್ಲ ಅಂತ ಗೊತ್ತು, ನೀವೇ ಅಡ್ವಾನ್ಸ್ ತಗೊಳ್ಳೋರನ್ನ ಆ ಕಡೆ ಕರ್ಕೊಂಡು ಹೋಗಿ ಮಾತಾಡಿ. ಎರಡೂ ಕಡೆ ಅಜ್ಜ ಅಜ್ಜಿ ಇರೋ ಮನೆಗಳು, ಕೇಳೋದ್ರಲ್ಲಿ ತಪ್ಪೇನಿಲ್ಲ. ದೊಡ್ಡ ಕಾಗದ ಪತ್ರ ಬೇಕಿಲ್ಲ, ಮಾತಾಡಿ ಬಂದ್ಮೇಲೆ ವಾಟ್ಸಾಪಲ್ಲಿ "ಅಣ್ಣ, ಇವತ್ತು ಮಾತಾಡಿದ್ದು ಹೀಗೆ" ಅಂತ ತಾರೀಕು, ರೇಟು, ಗ್ಯಾರಂಟಿ, ತಯಾರಿ, ಕೊಟ್ಟ ದುಡ್ಡು, ಮುಂದೆ ಹೋದ್ರೆ ಏನು, ಎಲ್ಲಾ ಬರ್ದು ಕಳಿಸಿ, ಅವ್ರು ಸರಿ ಅಂತ ಉತ್ತರ ಕೊಡೋವರೆಗೂ ಅಡ್ವಾನ್ಸ್ ಕಳಿಸ್ಬೇಡಿ. ಫೋಟೋದವ್ರ ಕೊನೇ 25,000 ಮಾತ್ರ ಮದುವೆ ದಿನ ಯಾರು ಎಷ್ಟೇ ಕೇಳಿದ್ರೂ ಕೊಡ್ಬೇಡಿ, ಅದು ಆಲ್ಬಮ್ ಮನೆಗೆ ಬಂದು ನಿಮ್ಮ ತಂಗಿ ಒಂದ್ಸಲ ಪೂರ್ತಿ ನೋಡಿದ ದಿನ ಕೊಡೋ ದುಡ್ಡು.